27ನೇ ಸೀಟಿಗೆ ಪೈಪೋಟಿ: ಮಿದುಳು ಗಡ್ಡೆಯ ಹೊಸ ಔಷಧ ಮತ್ತು ಹಿಸ್ಟೋನ್ ಲೆಕ್ಕಾಚಾರ

2025ರ ಆಗಸ್ಟ್ 6ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡೋರ್ಡಾವಿಪ್ರೋನ್ ಎಂಬ ಕ್ಯಾಪ್ಸೂಲ್‌ಗೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರ್ ವೈದ್ಯರಿಗೆ ಇದು ಒಎನ್‌ಸಿ201 ಎಂಬ ಹಳೆಯ ಹೆಸರಿನಲ್ಲೇ ಹೆಚ್ಚು ಪರಿಚಿತ. ಮಿದುಳಿನ ನಡುಗೆರೆಯ ಭಾಗಗಳಲ್ಲಿ ಬೆಳೆಯುವ ‘ಡಿಫ್ಯೂಸ್ ಮಿಡ್‌ಲೈನ್ ಗ್ಲಿಯೋಮಾ’ ಎಂಬ ಗಡ್ಡೆಗೆ, ಅದರಲ್ಲೂ ಎಚ್3 ಕೆ27ಎಂ ಎಂಬ ಬದಲಾವಣೆ ಇರುವ ಗಡ್ಡೆಗೆ, ಎಫ್‌ಡಿಎ ಒಪ್ಪಿದ ಮೊದಲ ಔಷಧ ಇದು. ಅಲ್ಲಿಯವರೆಗೆ ವಿಕಿರಣ ಚಿಕಿತ್ಸೆ ಬಿಟ್ಟರೆ ಕೊಡಲು ಹೆಚ್ಚೇನೂ ಇರಲಿಲ್ಲ. ಮಿದುಳಿನ ಕಾಂಡದ ‘ಪಾನ್ಸ್’ ಎಂಬ ಭಾಗದಲ್ಲಿ ಈ ಗಡ್ಡೆ ಬಂದ ಮಕ್ಕಳು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸು ಮಾತ್ರ ಬದುಕುತ್ತಾರೆ.

ಸುದ್ದಿ ಓದಿದವರಿಗೆ ಗೊಂದಲವಾಗುವುದು ಸಹಜ. ಕೆ27ಎಂ ಎಂಬುದು ಹಿಸ್ಟೋನ್ ಎಂಬ ಪ್ರೋಟೀನಿನಲ್ಲಿ ಆಗುವ ದೋಷ. ಆದರೆ ಈ ಔಷಧ ಹಿಸ್ಟೋನನ್ನು ಮುಟ್ಟುವುದೇ ಇಲ್ಲ. ಅದು ಹೋಗಿ ಅಂಟಿಕೊಳ್ಳುವುದು ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯದ ಒಂದು ಕಿಣ್ವಕ್ಕೆ. ಹಾಗಿದ್ದೂ ಔಷಧ ಕೊಟ್ಟ ಮೇಲೆ ಗಡ್ಡೆಯ ಹಿಸ್ಟೋನ್ ಮೇಲಿನ ರಾಸಾಯನಿಕ ಗುರುತುಗಳು ಬದಲಾಗುತ್ತವೆ ಎನ್ನುತ್ತಾರೆ ವಿಜ್ಞಾನಿಗಳು. ಎಲ್ಲಿಯ ಮೈಟೋಕಾಂಡ್ರಿಯ, ಎಲ್ಲಿಯ ಹಿಸ್ಟೋನ್? ಈ ಎರಡರ ನಡುವಿನ ನಂಟು ತಿಳಿಯಬೇಕಾದರೆ ಅಸಿಟೈಲೇಷನ್ ಮತ್ತು ಮಿಥೈಲೇಷನ್ ಎಂಬ ಎರಡು ರಾಸಾಯನಿಕ ಕೆಲಸಗಳನ್ನು ಮೊದಲು ನೋಡಬೇಕು.

ಡಿಎನ್‌ಎ ಬರಿಗೈಯಲ್ಲಿ ಇರುವುದಿಲ್ಲ

ನಮ್ಮ ಒಂದೊಂದು ಜೀವಕೋಶದಲ್ಲೂ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಹಿಸ್ಟೋನ್ ಪ್ರೋಟೀನುಗಳ ಮೇಲೆ ಸುತ್ತಿಕೊಂಡಿರುತ್ತದೆ. ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ನಾಲ್ಕು ಹಿಸ್ಟೋನುಗಳು ಎರಡೆರಡು ಸೇರಿ ಎಂಟರ ಒಂದು ಗುಂಪಾಗುತ್ತವೆ. ಅದರ ಸುತ್ತ ಡಿಎನ್‌ಎಯ 147 ಅಕ್ಷರಗಳು ಹತ್ತಿರಹತ್ತಿರ ಎರಡು ಸುತ್ತು ಬರುತ್ತವೆ. ಇಂಥ ಒಂದು ಉಂಡೆಯ ಹೆಸರು ನ್ಯೂಕ್ಲಿಯೋಸೋಮ್. ಒಂದು ಕೋಶದಲ್ಲಿ ಇವು ಸುಮಾರು 3 ಕೋಟಿ ಇರುತ್ತವೆ. ಹಿಸ್ಟೋನ್, ಡಿಎನ್‌ಎ ಮತ್ತು ಅವಕ್ಕೆ ಅಂಟಿದ ಉಳಿದ ಪ್ರೋಟೀನುಗಳನ್ನು ಒಟ್ಟಿಗೆ ಕ್ರೊಮಾಟಿನ್ ಎನ್ನುತ್ತಾರೆ.

ಒಂದು ಜೀನ್ ಕೆಲಸ ಮಾಡಬೇಕಾದರೆ ಅದರಲ್ಲಿರುವುದನ್ನು ಆರ್‌ಎನ್‌ಎಗೆ ನಕಲು ಮಾಡುವ ಯಂತ್ರಾಂಗ ಆ ಡಿಎನ್‌ಎ ಭಾಗವನ್ನು ತಲುಪಬೇಕು. ಕ್ರೊಮಾಟಿನ್ ಸಡಿಲವಾಗಿದ್ದರೆ ತಲುಪುವುದು ಸುಲಭ. ಬಿಗಿಯಾಗಿದ್ದರೆ ಕಷ್ಟ. ಹಾಗಾಗಿ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದು ಯಾವ ಜೀನ್ ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರ ಮೇಲೆ ನೇರ ಪರಿಣಾಮ ಬೀರುತ್ತದೆ.

ಪ್ರತಿ ಹಿಸ್ಟೋನಿನಿಂದಲೂ ಒಂದು ಬಾಲ ಉಂಡೆಯ ಹೊರಗೆ ಚಾಚಿಕೊಂಡಿರುತ್ತದೆ. ಈ ಬಾಲದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಹಲವು ಕಡೆ ಬರುತ್ತದೆ. ವಿಜ್ಞಾನಿಗಳ ಚುಟುಕು ಬರಹದಲ್ಲಿ ಲೈಸಿನ್ ಎಂದರೆ ‘ಕೆ’. ಎಚ್3 ಹಿಸ್ಟೋನಿನ ಬಾಲದಲ್ಲಿ 27ನೇ ಸ್ಥಾನದಲ್ಲಿ ಇರುವ ಲೈಸಿನ್ ಎಂದರೆ ‘ಎಚ್3 ಕೆ27’. ಈ ಲೇಖನದ ಕಥೆಯೆಲ್ಲ ಅದೊಂದರದ್ದೇ.

ಅಸಿಟೈಲ್ ಬಂದರೆ ಒಂದು, ಮಿಥೈಲ್ ಬಂದರೆ ಇನ್ನೊಂದು

ಲೈಸಿನ್‌ಗೆ ಪಾಸಿಟಿವ್ ಚಾರ್ಜ್ ಇದೆ, ಡಿಎನ್‌ಎಗೆ ನೆಗೆಟಿವ್. ಹಿಸ್ಟೋನ್ ಡಿಎನ್‌ಎಯನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಈ ಸೆಳೆತದ ಪಾಲು ದೊಡ್ಡದು. ಲೈಸಿನ್ ಮೇಲೆ ಅಸಿಟೈಲ್ ಎಂಬ ಪುಟ್ಟ ಗುಂಪು ಕೂತರೆ ಆ ಪಾಸಿಟಿವ್ ಚಾರ್ಜ್ ಹೊರಟುಹೋಗುತ್ತದೆ. ಹಿಡಿತ ಸಡಿಲವಾಗುತ್ತದೆ. ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ವಿನ್ಸೆಂಟ್ ಆಲ್‌ಫ್ರೆ 1964ರಲ್ಲೇ ಅಸಿಟೈಲೇಷನ್ನಿಗೂ ಆರ್‌ಎನ್‌ಎ ತಯಾರಿಗೂ ನಂಟಿದೆ ಎಂದಿದ್ದರು. ಅದನ್ನು ಮಾಡುವ ಕಿಣ್ವ ಯಾವುದು, ಅದು ಜೀನ್‌ಗೆ ಹೇಗೆ ಸಂಬಂಧಿಸಿದೆ ಎಂದು ಖಚಿತವಾಗಲು 1996ರವರೆಗೆ ಕಾಯಬೇಕಾಯಿತು.

ಚಾರ್ಜ್ ಹೋಗುವುದಷ್ಟೇ ಅಲ್ಲ. ಅಸಿಟೈಲ್ ಕೂತ ಲೈಸಿನನ್ನು ಗುರುತು ಹಿಡಿಯುವ ಪ್ರೋಟೀನುಗಳಿವೆ. ಅವುಗಳಲ್ಲಿ ‘ಬ್ರೋಮೋಡೊಮೇನ್’ ಎಂಬ ಒಂದು ಭಾಗ ಇರುತ್ತದೆ. ಅವು ಅಲ್ಲಿಗೆ ಬಂದು ಕೂತು, ಜೀನ್ ನಕಲು ಮಾಡುವ ಯಂತ್ರಾಂಗವನ್ನು ಕರೆತರುತ್ತವೆ. 27ನೇ ಲೈಸಿನ್‌ಗೆ ಅಸಿಟೈಲ್ ಹಚ್ಚುವುದು ಪಿ300 ಮತ್ತು ಸಿಬಿಪಿ ಎಂಬ ಅವಳಿ ಕಿಣ್ವಗಳು. ತೆಗೆಯುವುದು ಎಚ್‌ಡಿಎಸಿ ಎಂಬ ಗುಂಪಿನವು.

ಮಿಥೈಲ್ ಎಂಬ ಇನ್ನೊಂದು ಪುಟ್ಟ ಗುಂಪಿನ ಕಥೆ ಬೇರೆ. ಅದು ಕೂತರೂ ಲೈಸಿನಿನ ಚಾರ್ಜ್ ಹಾಗೇ ಇರುತ್ತದೆ. ಹಾಗಾಗಿ ಮಿಥೈಲ್ ತಾನಾಗಿ ಬಿಗಿಯನ್ನೂ ಮಾಡುವುದಿಲ್ಲ, ಸಡಿಲವನ್ನೂ ಮಾಡುವುದಿಲ್ಲ. ಯಾರು ಬಂದು ಅದನ್ನು ಗುರುತು ಹಿಡಿಯುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದರಿಂದಲೇ ‘ಮಿಥೈಲೇಷನ್ ಅಂದರೆ ಜೀನ್ ಬಂದ್’ ಎಂಬ ಮಾತು ಅರ್ಧ ಮಾತ್ರ ನಿಜ. ಎಚ್3ರ 4ನೇ ಲೈಸಿನ್ ಮೇಲೆ ಮೂರು ಮಿಥೈಲ್ ಇದ್ದರೆ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತಿರುವ ಜೀನಿನ ಆರಂಭದ ಜಾಗ. 9ನೆಯದರ ಮೇಲೆ ಅಥವಾ 27ನೆಯದರ ಮೇಲೆ ಮೂರು ಇದ್ದರೆ ಸುಮ್ಮನಿರುವ ಜಾಗ. ಒಂದೇ ರಾಸಾಯನಿಕ, ಸ್ಥಾನ ಬೇರೆಯಾದರೆ ಫಲ ತದ್ವಿರುದ್ಧ.

27ನೇ ಲೈಸಿನ್‌ಗೆ ಮಿಥೈಲ್ ಹಚ್ಚುವುದು ಪಿಆರ್‌ಸಿ2 ಎಂಬ ಪ್ರೋಟೀನ್ ಕೂಟ. ಅದರಲ್ಲಿ ಹಚ್ಚುವ ಕೆಲಸ ಮಾಡುವ ಕಿಣ್ವ ಇಝಡ್‌ಎಚ್2. ಅದರ ಜತೆಗಾರ ಇಇಡಿ ಎಂಬ ಪ್ರೋಟೀನ್. ಈ ಇಇಡಿ ಮಾಡುವ ಕೆಲಸವನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪಕ್ಕದ ನ್ಯೂಕ್ಲಿಯೋಸೋಮ್‌ನಲ್ಲಿ ಈಗಾಗಲೇ ಮೂರು ಮಿಥೈಲ್ ಇದ್ದರೆ ಇಇಡಿ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡ ಕೂಡಲೇ ಇಝಡ್‌ಎಚ್2ರ ವೇಗ ಜಾಸ್ತಿಯಾಗುತ್ತದೆ. ಹೀಗೆ ಒಂದು ಕಡೆ ಬಿದ್ದ ಗುರುತು ಅಕ್ಕಪಕ್ಕಕ್ಕೆ ಹರಡುತ್ತಾ ಹೋಗುತ್ತದೆ. ಜೀವಕೋಶ ಒಡೆದು ಎರಡಾದಾಗ ಹಳೆಯ ಹಿಸ್ಟೋನುಗಳು ಎರಡೂ ಮರಿಕೋಶಗಳಿಗೆ ಹಂಚಿಹೋಗುತ್ತವೆ. ಖಾಲಿ ಜಾಗಕ್ಕೆ ಗುರುತಿಲ್ಲದ ಹೊಸ ಹಿಸ್ಟೋನ್ ಬರುತ್ತದೆ. ಆಗ ಉಳಿದ ಹಳೆಯ ಗುರುತು ನೋಡಿ ಹೊಸದಕ್ಕೂ ಹಚ್ಚುವುದು ಈ ಹರಡುವಿಕೆಯಿಂದಲೇ.

ಒಂದೇ ಸೀಟು, ಎರಡು ಟವಲ್

27ನೇ ಲೈಸಿನಿನ ತುದಿಯಲ್ಲಿ ಇರುವುದು ಒಂದೇ ಒಂದು ನೈಟ್ರೋಜನ್. ಅಸಿಟೈಲ್ ಕೂರಬೇಕಾದರೂ ಅಲ್ಲೇ, ಮಿಥೈಲ್ ಕೂರಬೇಕಾದರೂ ಅಲ್ಲೇ. ರಶ್ ಇರುವ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಎಸೆದ ಹಾಗೆ, ಯಾರು ಮೊದಲು ಹಾಕಿದರೋ ಜಾಗ ಅವರದು. ಒಂದೇ ಬಾಲದ 27ನೇ ಸ್ಥಾನ ಒಂದೇ ಹೊತ್ತಿನಲ್ಲಿ ಎರಡೂ ಆಗಿರಲು ಸಾಧ್ಯವಿಲ್ಲ.

ಇದರ ಫಲವಾಗಿ ಜೀನೋಮಿನಲ್ಲಿ ಒಂದು ಹಂಚಿಕೆ ಮೂಡುತ್ತದೆ. ಕೆಲಸ ಮಾಡುವ ಜೀನುಗಳ ಆರಂಭದಲ್ಲಿ, ಅವುಗಳನ್ನು ದೂರದಿಂದ ಚುರುಕುಗೊಳಿಸುವ ‘ಎನ್‌ಹ್ಯಾನ್ಸರ್’ ತುಣುಕುಗಳ ಮೇಲೆ ಅಸಿಟೈಲ್ ಇರುತ್ತದೆ. ಆ ಅಂಗಾಂಶಕ್ಕೆ ಬೇಡವಾದ ಜೀನುಗಳ ಮೇಲೆ ಮಿಥೈಲ್ ಇರುತ್ತದೆ. ಎರಡು ಪಾಳೆಯಗಳ ನಡುವಿನ ಗಡಿ ಒಂದೇ ಕಡೆ ನಿಂತಿರುವುದಿಲ್ಲ. ಹಚ್ಚುವ ಕಿಣ್ವಗಳು, ತೆಗೆಯುವ ಕಿಣ್ವಗಳು ಎಡೆಬಿಡದೆ ಕೆಲಸ ಮಾಡುತ್ತಿರುತ್ತವೆ. ಮಿಥೈಲ್ ಹಚ್ಚುವ ಪಿಆರ್‌ಸಿ2 ಸೋತರೆ ಖಾಲಿಯಾದ ಲೈಸಿನುಗಳು ಪಿ300ಕ್ಕೆ ಸಿಗುತ್ತವೆ. ಎಲ್ಲೆಲ್ಲೂ ತೆಳುವಾಗಿ ಅಸಿಟೈಲ್ ಏರುತ್ತದೆ. ಕೆ27ಎಂ ಗಡ್ಡೆಗಳಲ್ಲಿ ಕಂಡದ್ದು ಇದೇ.

ಒಂದು ಅಕ್ಷರದ ತಪ್ಪು

2012ರ ಜನವರಿಯಲ್ಲಿ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಇದನ್ನು ವರದಿ ಮಾಡಿದವು. ಒಂದು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ನಾಡಾ ಜಬಾಡೊ ಅವರ ಮುಂದಾಳತ್ವದ್ದು. ಇನ್ನೊಂದು ಅಮೆರಿಕದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಂಟಿ ತಂಡ. ಪಾನ್ಸ್‌ನಲ್ಲಿ ಬೆಳೆದ ಗಡ್ಡೆಗಳಲ್ಲಿ 78 ಶೇಕಡಾ ಗಡ್ಡೆಗಳ ಎಚ್3 ಜೀನಿನಲ್ಲಿ ಒಂದೇ ಬಗೆಯ ತಪ್ಪು ಇದೆ ಎಂದು ಎರಡನೇ ತಂಡ ಹೇಳಿತು. AAG ಎಂದಿರಬೇಕಾದ ಕಡೆ ATG ಆಗಿತ್ತು. ಅದರಿಂದ 27ನೇ ಸ್ಥಾನದಲ್ಲಿ ಲೈಸಿನ್ ಹೋಗಿ ಮೆಥಿಯೋನಿನ್ ಎಂಬ ಬೇರೆ ಅಮೈನೋ ಆಮ್ಲ ಬಂದಿತ್ತು. ಲೈಸಿನಿನ ಕೆ, ಮೆಥಿಯೋನಿನ್‌ನ ಎಂ. ಹೀಗೆ ಕೆ27ಎಂ.

ಮೆಥಿಯೋನಿನ್‌ಗೆ ಆ ನೈಟ್ರೋಜನ್ನೇ ಇಲ್ಲ. ಅಸಿಟೈಲೂ ಕೂರದು, ಮಿಥೈಲೂ ಕೂರದು. ಇಷ್ಟೇ ಆಗಿದ್ದರೆ ದೊಡ್ಡ ವಿಷಯವೇನೂ ಆಗುತ್ತಿರಲಿಲ್ಲ. ಏಕೆಂದರೆ ಎಚ್3 ತಯಾರಿಸಲು ನಮ್ಮಲ್ಲಿ ಹತ್ತಕ್ಕೂ ಹೆಚ್ಚು ಜೀನುಗಳಿವೆ. ಅವುಗಳಲ್ಲಿ ಒಂದರ ಒಂದು ನಕಲಿನಲ್ಲಿ ಮಾತ್ರ ತಪ್ಪಾಗಿರುತ್ತದೆ. ಗಡ್ಡೆಯ ಒಟ್ಟು ಎಚ್3ರಲ್ಲಿ ತಪ್ಪಾದ ಹಿಸ್ಟೋನಿನ ಪಾಲು ಸುಮಾರು 3ರಿಂದ 17 ಶೇಕಡಾ ಅಷ್ಟೇ. ಉಳಿದ 80 ಶೇಕಡಾಕ್ಕೂ ಹೆಚ್ಚು ಹಿಸ್ಟೋನುಗಳಲ್ಲಿ 27ನೇ ಲೈಸಿನ್ ಸರಿಯಾಗಿಯೇ ಇದೆ.

ಆದರೆ ಗಡ್ಡೆಯಲ್ಲಿ ನೋಡಿದರೆ ಸರಿಯಾದ ಹಿಸ್ಟೋನುಗಳ ಮೇಲೂ ಮಿಥೈಲ್ ಬಹುತೇಕ ಇಲ್ಲವಾಗಿತ್ತು. ಕೆಟ್ಟಿದ್ದು ಕೆಲವೇ, ಪರಿಣಾಮ ಎಲ್ಲದರ ಮೇಲೂ. ಅಂದರೆ ತಪ್ಪಾದ ಹಿಸ್ಟೋನ್ ತನ್ನ ಜಾಗ ಕಳೆದುಕೊಂಡು ಸುಮ್ಮನೆ ಕೂತಿಲ್ಲ, ಹಚ್ಚುವ ಕಿಣ್ವವನ್ನೇ ಕೆಡಿಸುತ್ತಿದೆ. 2013ರಲ್ಲಿ ಡೇವಿಡ್ ಆಲಿಸ್ ಅವರ ಪ್ರಯೋಗಾಲಯ ಇದನ್ನು ತೋರಿಸಿತು. ಕೆ27ಎಂ ಇರುವ ಬಾಲದ ತುಣುಕನ್ನು ಪಿಆರ್‌ಸಿ2 ಜತೆ ಬೆರೆಸಿದರೆ ಅದರ ಕೆಲಸ ನಿಲ್ಲುತ್ತದೆ. ಮುಂದೆ ಸಿಕ್ಕ ರಚನಾ ಚಿತ್ರಗಳಲ್ಲಿ ಮೆಥಿಯೋನಿನ್ ಇಝಡ್‌ಎಚ್2ರ ಕೆಲಸದ ಗುಳಿಯೊಳಗೇ ಕೂತಿರುವುದು ಕಂಡಿತು.

ಇದು ಮಕ್ಕಳಲ್ಲೇ, ಅದೂ ಮಿದುಳಿನ ನಡುಗೆರೆಯಲ್ಲೇ ಏಕೆ ಜಾಸ್ತಿ? ಬೆಳೆಯುತ್ತಿರುವ ಮಿದುಳಿನಲ್ಲಿ ಇನ್ನೂ ಪಕ್ವವಾಗದ ಪೂರ್ವಕೋಶಗಳು ಇರುತ್ತವೆ. ಅವು ಪಕ್ವವಾಗಬೇಕಾದರೆ ಹಳೆಯ ಜೀನುಗಳನ್ನು ಮುಚ್ಚಿ ಹೊಸದನ್ನು ತೆರೆಯಬೇಕು. ಮುಚ್ಚುವ ಸಲಕರಣೆಯೇ ಕೆಟ್ಟರೆ ಕೋಶ ಅರ್ಧ ದಾರಿಯಲ್ಲಿ ನಿಂತು ಒಡೆಯುತ್ತಲೇ ಹೋಗುತ್ತದೆ. ಗಡ್ಡೆಯ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಹೆಚ್ಚಿನವು ಇಂಥ ಪೂರ್ವಕೋಶಗಳನ್ನೇ ಹೋಲುತ್ತಿದ್ದವು. ದೊಡ್ಡವರ ಪಕ್ವ ಕೋಶದಲ್ಲಿ ಇದೇ ತಪ್ಪಾದರೆ ಕೋಶ ಸುಮ್ಮನಿರುವ ಸಾಧ್ಯತೆಯೇ ಜಾಸ್ತಿ. ಈ ವಿವರಣೆಗೆ ಒಳ್ಳೆಯ ಆಧಾರವಿದೆ, ಆದರೂ ಎಲ್ಲ ಪ್ರಶ್ನೆಗಳಿಗೂ ಉತ್ತರ ಇದರಲ್ಲೇ ಸಿಗುವುದಿಲ್ಲ.

ಕಿಣ್ವ ಸಿಕ್ಕಿಬಿದ್ದಿದೆಯೇ, ಸೋತುಹೋಗಿದೆಯೇ?

ಇಲ್ಲಿಂದ ಮುಂದೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಮೊದಲ ವಾದ ಸರಳ. ಪಿಆರ್‌ಸಿ2 ಬಂದು ಮೆಥಿಯೋನಿನ್‌ಗೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ, ಬೇರೆ ಕಡೆಗೆ ಹೋಗಲು ಬಿಡುವೇ ಇಲ್ಲ ಎಂಬುದು. ಕೊಳವೆಯಲ್ಲಿ ನಡೆದ ಪ್ರಯೋಗಗಳು ಇದಕ್ಕೆ ಬೆಂಬಲ ಕೊಡುತ್ತವೆ.

ಆದರೆ ಕೋಶದೊಳಗೆ ನೋಡಿದಾಗ ಬೇರೆ ಚಿತ್ರ ಸಿಕ್ಕಿತು. ಅಲಿ ಶಿಲಾಟಿಫರ್ಡ್ ಅವರ ತಂಡ 2017ರಲ್ಲಿ ತಪ್ಪಾದ ಹಿಸ್ಟೋನ್ ಎಲ್ಲೆಲ್ಲಿ ಕೂತಿದೆ ಎಂದು ನಕ್ಷೆ ಮಾಡಿತು. ಅದು ಹೆಚ್ಚಾಗಿ ಇದ್ದದ್ದು ಅಸಿಟೈಲ್ ತುಂಬಿದ, ಚುರುಕಾದ ಜಾಗಗಳಲ್ಲಿ. ಪಿಆರ್‌ಸಿ2 ಅಲ್ಲಿ ಇರಲೇ ಇಲ್ಲ. ಸಿಕ್ಕಿಬಿದ್ದಿದ್ದರೆ ಎರಡೂ ಒಂದೇ ಕಡೆ ಕಾಣಬೇಕಿತ್ತು, ಅಲ್ವಾ? ಇದಕ್ಕೆ ಡ್ಯಾನಿ ರೈನ್‌ಬರ್ಗ್ ಅವರ ತಂಡ 2018ರಲ್ಲಿ ಒಂದು ಉತ್ತರ ಕೊಟ್ಟಿತು. ಪಿಆರ್‌ಸಿ2 ತಪ್ಪಾದ ಹಿಸ್ಟೋನ್ ಬಳಿ ಬರುತ್ತದೆ, ಆದರೆ ಸ್ವಲ್ಪ ಹೊತ್ತು ಮಾತ್ರ. ಬಿಟ್ಟು ಹೋದ ಮೇಲೂ ಅದರ ಕೆಲಸದ ಶಕ್ತಿ ಕುಂದಿಯೇ ಇರುತ್ತದೆ.

ಮೂರನೇ ನೋಟ ನನಗೆ ಹೆಚ್ಚು ಒಪ್ಪಿಗೆಯಾಗುವಂಥದು. 2019ರಲ್ಲಿ ಜಬಾಡೊ ತಂಡ ಗಡ್ಡೆಯ ಕೋಶಗಳಿಂದ ತಪ್ಪಾದ ಜೀನನ್ನು ಕತ್ತರಿಸಿ ತೆಗೆದು ಹೋಲಿಸಿ ನೋಡಿತು. ಮಿಥೈಲ್ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಮಾಯವಾಗಿರಲಿಲ್ಲ. ಪಿಆರ್‌ಸಿ2 ಮೊದಲು ಇಳಿಯುವ ಜಾಗಗಳಲ್ಲಿ ಗುರುತು ಗಟ್ಟಿಯಾಗಿಯೇ ಉಳಿದಿತ್ತು. ಕಾಣೆಯಾಗಿದ್ದು ಅಲ್ಲಿಂದ ಅಕ್ಕಪಕ್ಕಕ್ಕೆ ಹರಡಬೇಕಾದ ಪಾಲು. ಇಇಡಿ ಬಗ್ಗೆ ಹಿಂದೆ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೆಡುವುದು ಹಚ್ಚುವ ಕೆಲಸಕ್ಕಿಂತ ಹೆಚ್ಚಾಗಿ ಹರಡುವ ಕೆಲಸ. ವೇಗವಾಗಿ ಒಡೆಯುವ ಕೋಶದಲ್ಲಿ ಪ್ರತಿ ಸಲವೂ ಹರಡುವಿಕೆ ಅರ್ಧಕ್ಕೇ ನಿಂತರೆ, ಕೆಲವೇ ಸುತ್ತುಗಳಲ್ಲಿ ವಿಶಾಲವಾದ ಜಾಗಗಳು ಬೋಳಾಗುತ್ತವೆ.

ಈ ವಾದದಿಂದ ಚಿಕಿತ್ಸೆಗೆ ಒಂದು ವಿಚಿತ್ರ ಫಲ ಬರುತ್ತದೆ. ಮಿಥೈಲ್ ಕಡಿಮೆಯಾಗಿದ್ದರಿಂದ ಗಡ್ಡೆ ಬಂದಿದ್ದರೆ, ಇರುವ ಮಿಥೈಲನ್ನೂ ತೆಗೆದರೆ ಇನ್ನಷ್ಟು ಕೆಡುಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಉಳಿದಿರುವ ಗಟ್ಟಿ ಗುರುತುಗಳಲ್ಲಿ ಕೆಲವು, ಕೋಶ ಒಡೆಯುವುದನ್ನು ತಡೆಯುವ ಪಿ16 ಎಂಬ ಪ್ರೋಟೀನಿನ ಜೀನ್ ಮೇಲೆ ಕೂತು ಅದನ್ನು ಸುಮ್ಮನಿರಿಸಿರುತ್ತವೆ. ಅಂದರೆ ಗಡ್ಡೆಗೆ ಅಷ್ಟು ಮಿಥೈಲ್ ಬೇಕೇ ಬೇಕು. ಕ್ರಿಸ್ಟಿಯನ್ ಹೆಲಿನ್ ಅವರ ತಂಡ 2017ರಲ್ಲಿ ಇಲಿ ಮಾದರಿಗಳಲ್ಲಿ ಇಝಡ್‌ಎಚ್2 ತಡೆದಾಗ ಗಡ್ಡೆಯ ಬೆಳವಣಿಗೆ ಕುಂದಿತು. ಬೇರೆ ಪ್ರಯೋಗಾಲಯಗಳಲ್ಲಿ ಮಕ್ಕಳ ಗಡ್ಡೆಯಿಂದ ತೆಗೆದ ಕೋಶಗಳ ಮೇಲೆ ಅಂಥದೇ ಔಷಧ ಹೆಚ್ಚೇನೂ ಮಾಡಲಿಲ್ಲ. ಒಂದೇ ಗಡ್ಡೆಗೆ ಮಿಥೈಲ್ ಹೆಚ್ಚಿಸಬೇಕು ಎನ್ನುವವರೂ ಇದ್ದಾರೆ, ಇನ್ನೂ ಕಡಿಮೆ ಮಾಡಬೇಕು ಎನ್ನುವವರೂ ಇದ್ದಾರೆ. ಇಬ್ಬರ ಕೈಯಲ್ಲೂ ಪ್ರಯೋಗದ ಆಧಾರವಿದೆ.

ಗುರುತು ಕಾರಣವೇ, ಫಲವೇ?

ಇನ್ನೊಂದು ಜಗಳ ಇದಕ್ಕಿಂತ ಆಳದ್ದು. ಅಸಿಟೈಲ್ ಇದ್ದುದರಿಂದ ಜೀನ್ ತೆರೆಯಿತೋ, ಜೀನ್ ತೆರೆದುದರಿಂದ ಅಸಿಟೈಲ್ ಬಂತೋ?

ಮಿಥೈಲ್ ಬಗ್ಗೆ ಉತ್ತರ ಸಾಕಷ್ಟು ಸ್ಪಷ್ಟ. ಹಣ್ಣಿನ ನೊಣದಲ್ಲಿ ಮುಖ್ಯ ಹಿಸ್ಟೋನ್ ಜೀನುಗಳ ನಕಲುಗಳೆಲ್ಲ ಕ್ರೋಮೋಸೋಮಿನ ಒಂದೇ ಕಡೆ ಸಾಲಾಗಿವೆ. ಹಾಗಾಗಿ ಅವನ್ನು ಒಟ್ಟಿಗೆ ತೆಗೆದು ಬೇರೆ ನಕಲು ಹಾಕಬಹುದು. 2013ರಲ್ಲಿ ಯೂರ್ಗ್ ಮ್ಯುಲರ್ ಅವರ ತಂಡ 27ನೇ ಲೈಸಿನ್ ಬದಲು ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇರುವ ಹಿಸ್ಟೋನ್ ಹಾಕಿ ನೋಡಿತು. ಆರ್ಜಿನಿನ್‌ನ ಚಾರ್ಜ್ ಲೈಸಿನಿನದ್ದೇ. ಆದರೆ ಅದಕ್ಕೆ ಪಿಆರ್‌ಸಿ2 ಮಿಥೈಲ್ ಹಚ್ಚಲಾರದು, ಪಿ300ದ ನೊಣದ ರೂಪ ಅಸಿಟೈಲ್ ಹಚ್ಚಲಾರದು. ಫಲವೇನೆಂದರೆ, ಪಿಆರ್‌ಸಿ2ವನ್ನೇ ಕೆಡಿಸಿದಾಗ ಏನಾಗುತ್ತದೋ ಅದೇ ಆಯಿತು. ಸುಮ್ಮನಿರಬೇಕಿದ್ದ ಜೀನುಗಳು ಬೇಡದ ಕಡೆ ತೆರೆದುಕೊಂಡವು. ಮಿಥೈಲ್ ಇಲ್ಲದಿದ್ದರೆ ಬಾಯಿ ಮುಚ್ಚಿಸಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಇದೇ ಪ್ರಯೋಗ ಅಸಿಟೈಲ್ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅಲ್ಲಿ 27ನೇ ಸ್ಥಾನಕ್ಕೆ ಅಸಿಟೈಲೂ ಬರುವಂತಿರಲಿಲ್ಲ. ಆದರೂ ಜೀನುಗಳು ತೆರೆದವು. ಅಂದರೆ ತೆರೆಯಲು ಆ ಜಾಗದ ಅಸಿಟೈಲ್ ಕಡ್ಡಾಯವಲ್ಲ. ಮುಂದೆ ಇಲಿಯ ಕಾಂಡಕೋಶಗಳಲ್ಲಿ 27ನೇ ಲೈಸಿನನ್ನೇ ಬದಲಿಸಿದ ಪ್ರಯೋಗಗಳಲ್ಲೂ ಅಸಿಟೈಲ್ ಇಲ್ಲದೆಯೇ ಬಹುತೇಕ ಎನ್‌ಹ್ಯಾನ್ಸರುಗಳು ಕೆಲಸ ಮಾಡಿದವು.

ಎದುರು ಪಕ್ಷಕ್ಕೂ ಬಲವಾದ ಪ್ರಯೋಗವಿದೆ. 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಚಾರ್ಲ್ಸ್ ಗರ್ಸ್‌ಬಾಕ್ ತಂಡ ಬೇಕಾದ ಡಿಎನ್‌ಎ ಜಾಗವನ್ನು ಹುಡುಕಿ ಕತ್ತರಿಸುವ ಕ್ರಿಸ್ಪರ್ ಪ್ರೋಟೀನಿನ ಕತ್ತರಿಸುವ ಶಕ್ತಿ ತೆಗೆದು, ಅದಕ್ಕೆ ಪಿ300ದ ಕೆಲಸ ಮಾಡುವ ಭಾಗವನ್ನು ಜೋಡಿಸಿತು. ಅದನ್ನು ಬೇಕಾದ ಜೀನಿನ ಬಳಿಗೆ ಕಳಿಸಿತು. ಅಲ್ಲಿ ಅಸಿಟೈಲ್ ಏರಿತು, ಜೀನ್ ತೆರೆಯಿತು. ಕಾರಣ ಸಾಬೀತಾಯಿತು ಎನ್ನಬಹುದೇ? ಪೂರ್ತಿ ಇಲ್ಲ. ಪಿ300 ಹಚ್ಚುವುದು 27ನೆಯದಕ್ಕೆ ಮಾತ್ರ ಅಲ್ಲ. ಬೇರೆ ಲೈಸಿನುಗಳಿಗೂ, ಹಿಸ್ಟೋನ್ ಅಲ್ಲದ ಪ್ರೋಟೀನುಗಳಿಗೂ ಹಚ್ಚುತ್ತದೆ. ಎರಡೂ ಕಡೆಯ ಮಾತು ಸೇರಿಸಿದರೆ ಹೀಗೆ ಹೇಳಬಹುದು: ಹಲವು ಜಾಗಗಳ ಅಸಿಟೈಲ್ ಸೇರಿ ಕೆಲಸ ಮಾಡುತ್ತವೆ, 27ನೆಯದು ಅದರಲ್ಲಿ ಒಂದು. ಅದು ನಮಗೆ ಒಳ್ಳೆಯ ಸೂಚಕ, ಆದರೆ ಅದೊಂದೇ ಬೀಗದ ಕೈ ಅಲ್ಲ.

ಇದನ್ನು ಮರೆತರೆ ಔಷಧದ ಲೆಕ್ಕ ತಪ್ಪುತ್ತದೆ. ಕೆ27ಎಂ ಗಡ್ಡೆಯಲ್ಲಿ ಅಸಿಟೈಲ್ ಜಾಸ್ತಿ ಇದೆ. ಹಾಗಾದರೆ ಅಸಿಟೈಲ್ ತೆಗೆಯುವ ಎಚ್‌ಡಿಎಸಿಯನ್ನು ತಡೆಯುವುದು ಹುಚ್ಚು ಕೆಲಸ ಎನಿಸಬೇಕು. ಆದರೆ 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಷೆಲ್ ಮಾಂಜೆ ಮತ್ತು ಇತರರು ಪ್ಯಾನೊಬಿನೊಸ್ಟ್ಯಾಟ್ ಎಂಬ ಎಚ್‌ಡಿಎಸಿ ತಡೆಯುವ ಔಷಧ ಈ ಗಡ್ಡೆಯ ಕೋಶಗಳನ್ನು ಕೊಲ್ಲುತ್ತದೆ ಎಂದು ತೋರಿಸಿದರು. ಕೆಲವು ಕೋಶಗಳಲ್ಲಿ ಮಿಥೈಲ್ ಒಂದಿಷ್ಟು ಮರಳಿತು ಕೂಡ. ಅದಕ್ಕೆ ಕೊಟ್ಟ ವಿವರಣೆ ಹೀಗಿದೆ: ತಪ್ಪಾದ ಹಿಸ್ಟೋನಿನ ಬಾಲದ ಉಳಿದ ಲೈಸಿನುಗಳಿಗೆ ಅಸಿಟೈಲ್ ತುಂಬಿಕೊಂಡಾಗ ಪಿಆರ್‌ಸಿ2ಕ್ಕೆ ಅದನ್ನು ಹಿಡಿಯಲು ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಚೆನ್ನಾಗಿತ್ತು. ರೋಗಿಗಳಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ಔಷಧ ರಕ್ತದಿಂದ ಮಿದುಳಿಗೆ ಸರಿಯಾಗಿ ದಾಟದಿರುವುದು ಒಂದು ಮುಖ್ಯ ಕಾರಣ.

ಇಲ್ಲಿ ಬೆಂಗಳೂರಿನ ಮಾತೊಂದು ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಎಂಬ ವಸ್ತು ಪಿ300ವನ್ನು ತಡೆಯುತ್ತದೆ ಎಂದು ತೋರಿಸಿತು. ಅರಿಶಿನದ ಕರ್ಕ್ಯುಮಿನ್ ಕುರಿತೂ ಅದೇ ವರ್ಷ ಅಂಥ ವರದಿ ಬಂತು. ಇದು ಗಟ್ಟಿ ವಿಜ್ಞಾನ, ಆದರೆ ಕೋಶಗಳ ಮೇಲೆ ನಡೆದದ್ದು. ಪುನರ್ಪುಳಿ ಸಾರು ಕುಡಿದರೆ ಮಿದುಳಿನ ಹಿಸ್ಟೋನ್ ಬದಲಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾರು ರುಚಿಯಾಗಿರುತ್ತದೆ, ಅಷ್ಟು ಸಾಕು.

ಹೊಸ ಔಷಧ ಸುತ್ತುದಾರಿಯಲ್ಲಿ ಬರುತ್ತದೆ

ಈಗ ಡೋರ್ಡಾವಿಪ್ರೋನ್‌ಗೆ ಬರೋಣ. ಡೋಪಮಿನ್ ಎಂಬ ನರರಾಸಾಯನಿಕವನ್ನು ಹಿಡಿಯುವ ಕೋಶದ ಗ್ರಾಹಕ ಪ್ರೋಟೀನೊಂದನ್ನು ಅದು ತಡೆಯುತ್ತದೆ. ಜತೆಗೆ ಮೈಟೋಕಾಂಡ್ರಿಯದ ಕ್ಲ್ಪ್‌ಪಿ ಎಂಬ ಕಿಣ್ವಕ್ಕೆ ಅಂಟುತ್ತದೆ. ಕೆಟ್ಟ ಪ್ರೋಟೀನುಗಳನ್ನು ಕತ್ತರಿಸಿ ಹಾಕುವುದು ಕ್ಲ್ಪ್‌ಪಿ ಕೆಲಸ. ಔಷಧ ಅಂಟಿದಾಗ ಅದಕ್ಕೆ ಹತೋಟಿ ತಪ್ಪುತ್ತದೆ, ಒಳ್ಳೆಯ ಪ್ರೋಟೀನುಗಳನ್ನೂ ಕತ್ತರಿಸುತ್ತದೆ. ಮೈಟೋಕಾಂಡ್ರಿಯದ ಶಕ್ತಿ ತಯಾರಿ ಏರುಪೇರಾಗುತ್ತದೆ. ಆಗ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಸಣ್ಣ ಅಣು ಕೋಶದಲ್ಲಿ ಶೇಖರವಾಗುತ್ತದೆ.

ನಂಟು ಇರುವುದು ಇಲ್ಲಿ. 27ನೇ ಲೈಸಿನಿನಿಂದ ಮಿಥೈಲ್ ತೆಗೆಯುವ ಕೆಡಿಎಂ6 ಗುಂಪಿನ ಕಿಣ್ವಗಳಿಗೆ ಕೆಲಸ ಮಾಡಲು ಆಲ್ಫಾ-ಕೀಟೋಗ್ಲುಟರೇಟ್ ಬೇಕು. ಅದು ಬರುವುದು ಮೈಟೋಕಾಂಡ್ರಿಯದ ಇದೇ ಚಯಾಪಚಯದಿಂದ. 2-ಹೈಡ್ರಾಕ್ಸಿಗ್ಲುಟರೇಟ್ ನೋಡಲು ಅದರಂತೆಯೇ ಇರುತ್ತದೆ, ಅದರ ಜಾಗದಲ್ಲಿ ಹೋಗಿ ಕೂರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ತೆಗೆಯುವ ಕಿಣ್ವ ನಿಧಾನವಾಗುತ್ತದೆ. ಕುಂದಿದ ಪಿಆರ್‌ಸಿ2 ಹಚ್ಚಿದ ಅಲ್ಪಸ್ವಲ್ಪ ಮಿಥೈಲ್ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಗುರುತು ಏರುತ್ತದೆ. ಔಷಧ ತೆಗೆದುಕೊಂಡ ರೋಗಿಗಳ ಗಡ್ಡೆಯ ಮಾದರಿಗಳಲ್ಲೂ ಈ ಏರಿಕೆ ಕಂಡಿದೆ ಎಂದು ಶ್ರೀರಾಮ್ ವೆನ್ನೆಟಿ ಮತ್ತು ಸಂಗಡಿಗರು 2023ರಲ್ಲಿ ವರದಿ ಮಾಡಿದರು.

ಅಂದರೆ ಔಷಧ ಹಿಸ್ಟೋನಿನ ತಪ್ಪನ್ನು ತಿದ್ದುತ್ತಿಲ್ಲ. ಸಿಕ್ಕಿಬಿದ್ದ ಪಿಆರ್‌ಸಿ2ವನ್ನು ಬಿಡಿಸುತ್ತಲೂ ಇಲ್ಲ. ಅಳಿಸುವವರ ಕೈ ಕಟ್ಟುತ್ತಿದೆ. ಗಡ್ಡೆ ಕುಗ್ಗುವುದು ಮಿಥೈಲ್ ಮರಳಿದ್ದರಿಂದಲೋ, ಕೋಶಕ್ಕೆ ಶಕ್ತಿ ಸಾಲದೆ ಹೋಗಿದ್ದರಿಂದಲೋ ಎಂಬುದು ಬಗೆಹರಿಯದ ಪ್ರಶ್ನೆ. ಪ್ರಯೋಗಾಲಯದಲ್ಲಿ ಕೆ27ಎಂ ಇಲ್ಲದ ಕ್ಯಾನ್ಸರ್ ಕೋಶಗಳನ್ನೂ ಇದು ಕ್ಲ್ಪ್‌ಪಿ ಮೂಲಕ ಕೊಲ್ಲುತ್ತದೆ. ಆದ್ದರಿಂದ ಎರಡನೇ ಕಾರಣವನ್ನು ತಳ್ಳಿಹಾಕುವಂತಿಲ್ಲ.

ಲ್ಯಾಬ್ ರಿಪೋರ್ಟಿನಲ್ಲಿ ಎಡವುವ ಜಾಗಗಳು

ಔಷಧ ಕೆ27ಎಂ ಇರುವವರಿಗೆ ಮಾತ್ರ. ಹಾಗಾಗಿ ಪರೀಕ್ಷೆ ಸರಿಯಾಗಿರಬೇಕು. ಗಡ್ಡೆಯ ತುಣುಕಿಗೆ ಎರಡು ಬಣ್ಣದ ಪರೀಕ್ಷೆ ಮಾಡುತ್ತಾರೆ. ಒಂದು, ಕೆ27ಎಂ ಹಿಸ್ಟೋನನ್ನೇ ಹಿಡಿಯುವ ಪ್ರತಿಕಾಯ. ಇದರಲ್ಲಿ ಗಡ್ಡೆಯ ಕೋಶಗಳ ನ್ಯೂಕ್ಲಿಯಸ್ ಬಣ್ಣ ಹಿಡಿಯಬೇಕು. ಇನ್ನೊಂದು, ಮೂರು ಮಿಥೈಲ್ ಇರುವ 27ನೇ ಲೈಸಿನನ್ನು ಹಿಡಿಯುವ ಪ್ರತಿಕಾಯ. ಇದರಲ್ಲಿ ಗಡ್ಡೆಯ ಕೋಶಗಳು ಬಣ್ಣ ಕಳೆದುಕೊಂಡಿರಬೇಕು, ಆದರೆ ಅದೇ ತುಣುಕಿನ ರಕ್ತನಾಳದ ಕೋಶಗಳು ಬಣ್ಣ ಹಿಡಿದಿರಬೇಕು. ರಕ್ತನಾಳಗಳೂ ಬೋಳಾಗಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದರ್ಥ, ಫಲಿತಾಂಶವನ್ನು ನಂಬುವಂತಿಲ್ಲ.

ಮಿಥೈಲ್ ಇಲ್ಲ ಎಂಬುದೊಂದನ್ನೇ ನೋಡಿ ಕೆ27ಎಂ ಎಂದು ತೀರ್ಮಾನಿಸುವುದೂ ತಪ್ಪು. ಇಝಡ್‌ಎಚ್‌ಐಪಿ ಎಂಬ ಪ್ರೋಟೀನಿನ ಒಂದು ಭಾಗ ಕೆ27ಎಂ ಬಾಲವನ್ನೇ ಹೋಲುತ್ತದೆ. ಅದು ಬೇಡದ ಕಡೆ ತಯಾರಾದರೆ ಹಿಸ್ಟೋನ್ ಸರಿಯಿದ್ದರೂ ಮಿಥೈಲ್ ಕಾಣೆಯಾಗುತ್ತದೆ. ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗಡ್ಡೆಯ ಹೆಸರಿನಲ್ಲಿದ್ದ ‘ಕೆ27ಎಂ’ ತೆಗೆದು ‘ಕೆ27 ಬದಲಾದ’ ಎಂಬ ಅಗಲ ಹೆಸರಿಟ್ಟಿತು. ಔಷಧದ ಒಪ್ಪಿಗೆ ಮಾತ್ರ ಕೆ27ಎಂ ಎಂಬ ಹೆಸರಿಗೇ ಇದೆ. ಗಡ್ಡೆಯ ಹೆಸರು ಒಂದೇ ಆದರೂ ಎಲ್ಲರೂ ಔಷಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನೊಂದು ಸಣ್ಣ ಆದರೆ ಮನೆಯವರನ್ನು ಕಂಗೆಡಿಸುವ ವಿಷಯ. ಜೀನ್ ಪರೀಕ್ಷೆಯ ರಿಪೋರ್ಟಿನಲ್ಲಿ ಕೆಲವೊಮ್ಮೆ K27M ಬದಲು p.K28M ಎಂದು ಬರೆದಿರುತ್ತದೆ. ಎರಡೂ ಒಂದೇ. ಪ್ರೋಟೀನಿನ ಮೊದಲ ಮೆಥಿಯೋನಿನ್ ತಯಾರಿಯ ನಂತರ ಕತ್ತರಿಸಿ ಹೋಗುತ್ತದೆ. ಹಳೆಯ ಹಿಸ್ಟೋನ್ ಲೆಕ್ಕ ಅದನ್ನು ಬಿಟ್ಟು ಎಣಿಸುತ್ತದೆ, ಜೀನ್ ಪರೀಕ್ಷೆಯವರು ಸೇರಿಸಿ ಎಣಿಸುತ್ತಾರೆ.

ಅಂಕಿಗಳು ಎಷ್ಟು ಹೇಳುತ್ತವೆ

ಒಪ್ಪಿಗೆಗೆ ಆಧಾರವಾದದ್ದು 50 ರೋಗಿಗಳ ಮಾಹಿತಿ. ಅವರಲ್ಲಿ 22 ಶೇಕಡಾ, ಅಂದರೆ 11 ಮಂದಿಯಲ್ಲಿ ಗಡ್ಡೆ ಗಮನಾರ್ಹವಾಗಿ ಕುಗ್ಗಿತು. ಕುಗ್ಗಿದವರಲ್ಲಿ ಆ ಫಲ ಉಳಿದ ಅವಧಿಯ ಮಧ್ಯಮಾಂಕ 10.3 ತಿಂಗಳು. ಬೇರೆ ಔಷಧ ಪಡೆದ ಹೋಲಿಕೆಯ ಗುಂಪು ಇರಲಿಲ್ಲ. ಔಷಧದಿಂದ ಎಷ್ಟು ದಿನ ಹೆಚ್ಚು ಬದುಕಿದರು ಎಂಬ ಪ್ರಶ್ನೆಗೆ ಈ ಮಾಹಿತಿ ಉತ್ತರ ಕೊಡುವುದಿಲ್ಲ. ಆದ್ದರಿಂದಲೇ ಎಫ್‌ಡಿಎ ಕೊಟ್ಟದ್ದು ‘ತ್ವರಿತ ಒಪ್ಪಿಗೆ’. ಮುಂದಿನ ಪ್ರಯೋಗದಲ್ಲಿ ಲಾಭ ಖಚಿತವಾಗದಿದ್ದರೆ ಅದನ್ನು ಹಿಂದಕ್ಕೆ ಪಡೆಯಬಹುದು.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ್ದು, ಈ 50 ಮಂದಿಯ ಲೆಕ್ಕದಿಂದ ಪಾನ್ಸ್‌ನ ಗಡ್ಡೆ ಮತ್ತು ಬೆನ್ನುಹುರಿಯಲ್ಲೇ ಶುರುವಾದ ಗಡ್ಡೆ ಇದ್ದವರನ್ನು ಹೊರಗಿಡಲಾಗಿತ್ತು. ಪಾನ್ಸ್‌ನ ಗಡ್ಡೆಯನ್ನು ಸ್ಕ್ಯಾನ್‌ನಲ್ಲಿ ಅಳೆಯುವುದು ಕಷ್ಟ ಎಂಬುದು ನಿಜ. ಆದರೆ ಒಪ್ಪಿಗೆಯ ಮಾತು ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಿನ, ಹಿಂದಿನ ಚಿಕಿತ್ಸೆಯ ನಂತರ ಗಡ್ಡೆ ಮತ್ತೆ ಬೆಳೆದ ಕೆ27ಎಂ ರೋಗಿಗಳಿಗೆಲ್ಲ ಅನ್ವಯಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ಗಡ್ಡೆ ಇರುವುದು ಪಾನ್ಸ್‌ನಲ್ಲೇ. ಅವರ ತಂದೆತಾಯಿ ‘22 ಶೇಕಡಾ’ ಎಂಬ ಅಂಕಿಯನ್ನು ತಮ್ಮ ಮಗುವಿಗೆ ನೇರವಾಗಿ ಹಚ್ಚಿಕೊಳ್ಳುವಂತಿಲ್ಲ. ವೈದ್ಯರ ಜತೆ ಮಾತಾಡುವಾಗ ಗಡ್ಡೆ ಯಾವ ಜಾಗದ್ದು ಎಂಬುದನ್ನೇ ಮೊದಲು ಕೇಳಬೇಕು.

ಖಚಿತಪಡಿಸಬೇಕಾದ ಪ್ರಯೋಗದ ಹೆಸರು ಆ್ಯಕ್ಷನ್. ಹೊಸದಾಗಿ ಪತ್ತೆಯಾಗಿ ವಿಕಿರಣ ಮುಗಿಸಿದ ರೋಗಿಗಳನ್ನು ಗುಂಪು ಮಾಡಿ, ಕೆಲವರಿಗೆ ಔಷಧ, ಕೆಲವರಿಗೆ ಔಷಧವಿಲ್ಲದ ಕ್ಯಾಪ್ಸೂಲ್ ಕೊಟ್ಟು ಹೋಲಿಸುವಂಥದು. ಅಲ್ಲಿ ಅಳೆಯುವುದು ಗಡ್ಡೆ ಎಷ್ಟು ಕುಗ್ಗಿತು ಎಂಬುದನ್ನಲ್ಲ, ಎಷ್ಟು ಕಾಲ ಬದುಕಿದರು ಮತ್ತು ಎಷ್ಟು ಕಾಲ ಗಡ್ಡೆ ಬೆಳೆಯದೆ ಉಳಿಯಿತು ಎಂಬುದನ್ನು. ಆದರೆ ಈ ಪ್ರಯೋಗದಲ್ಲೂ ಪಾನ್ಸ್‌ನ ಗಡ್ಡೆಯವರನ್ನು ಸೇರಿಸಿಕೊಂಡಿಲ್ಲ. ಆ ಮಕ್ಕಳ ಮಟ್ಟಿಗೆ ಉತ್ತರ ಬೇರೆ ಪ್ರಯೋಗಗಳಿಂದಲೇ ಬರಬೇಕು.